ಹೆಸರಿಲ್ಲದ ಅಂಕಿಗಳು: ಕೂಡುವ ಮೊದಲು ಊಹಿಸಿ

ಸಂಖ್ಯಾಶಾಸ್ತ್ರದ ಪಾಠ ಮಾಡಿದ್ದೆ ಎಂಬ ಒಂದೇ ತಪ್ಪಿಗೆ ನನ್ನ ವಾಟ್ಸ್ಆ್ಯಪ್‌ಗೆ ಆಗಾಗ ಇಂಥದ್ದೊಂದು ಬಂದು ಬೀಳುತ್ತದೆ. ಈಚೆಗೆ ಬಂದದ್ದು ಇದು:

```
28.5
27
29
28
26.5
28.5
0
27.5
30
28
285
27.5
29
28
```

ಕೆಳಗೆ ಒಂದೇ ಮಾತು: "ಸಾರ್, ಇದರ ಆವರೇಜ್ ಹೇಳಿ." ಏನಿದು, ಯಾವಾಗಿನದು, ಯಾರು ಅಳೆದದ್ದು ಎಂಬ ಸುಳಿವೇ ಇಲ್ಲ. ಕಳಿಸಿದ ಹುಡುಗ ನಮ್ಮೂರ ಕಡೆಯವನು ಅನ್ನುವುದಷ್ಟೇ ಗೊತ್ತು.

ಇಂಥದ್ದು ಬಂದಾಗ ಹತ್ತರಲ್ಲಿ ಒಂಬತ್ತು ಮಂದಿ ಎಕ್ಸೆಲ್ ತೆರೆದು ಕೂಡಿ ಭಾಗಿಸಿ ಉತ್ತರ ಕಳಿಸಿಬಿಡುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಮಾಡಿದ್ದೇನೆ. ಈ ಸಾಲನ್ನು ಹಾಗೆ ಕೂಡಿದರೆ 622.5, ಹದಿನಾಲ್ಕರಿಂದ ಭಾಗಿಸಿದರೆ 44.46. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಲವತ್ತರ ಹತ್ತಿರ ಸುಳಿಯುವ ಒಂದು ಅಂಕಿಯಾದರೂ ಅದರಲ್ಲಿದೆಯೇ?

ಮೊದಲು ಕಣ್ಣು, ಆಮೇಲೆ ಕೈ

ಪಟ್ಟಿಯನ್ನು ಬಂದ ಕ್ರಮದಲ್ಲೇ ಇಟ್ಟುಕೊಂಡು ನೋಡಿ. ಏರಿಕೆ ಕ್ರಮದಲ್ಲಿ ಜೋಡಿಸುವ ಆಸೆ ಬರುತ್ತದೆ, ತಡೆಯಿರಿ. ಬಂದ ಕ್ರಮವೂ ಒಂದು ಮಾಹಿತಿ. ಜೋಡಿಸಿ ಫೈಲ್ ಮುಚ್ಚಿದಿರೋ, ಅದು ಮತ್ತೆ ಸಿಗುವುದಿಲ್ಲ. ಜೋಡಿಸಲೇಬೇಕೆಂದರೆ ಪಕ್ಕದ ಕಾಲಂನಲ್ಲಿ ಪ್ರತಿ ಮಾಡಿಕೊಂಡು ಅಲ್ಲಿ ಜೋಡಿಸಿ.

ಎಣಿಸಿ: ಹದಿನಾಲ್ಕು. ಎಣಿಕೆಯೇ ಎಷ್ಟೋ ಸಲ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಹನ್ನೆರಡಿದ್ದರೆ ತಿಂಗಳು, ಮೂವತ್ತೊಂದಿದ್ದರೆ ದಿನ. ಹದಿನಾಲ್ಕು ಎಂದರೆ ಎರಡು ವಾರ ಇರಬಹುದು, ಇಲ್ಲವೇ ಒಂದು ವಾರ, ದಿನಕ್ಕೆ ಎರಡು ಸಲ.

ಇನ್ನು ದಶಾಂಶ. ಇಲ್ಲಿ ಚುಕ್ಕಿಯ ನಂತರ ಐದು ಬಿಟ್ಟರೆ ಬೇರೆ ಅಂಕಿಯೇ ಇಲ್ಲ. 28.3 ಇಲ್ಲ, 27.84 ಇಲ್ಲ. ಯಂತ್ರ ಅಳೆದು ಬರೆದದ್ದಾದರೆ ಸಾಮಾನ್ಯವಾಗಿ ಹೀಗೆ ಅರ್ಧರ್ಧಕ್ಕೆ ನಿಲ್ಲುವುದಿಲ್ಲ. ಯಾರೋ ಗೆರೆ ಹಾಕಿದ ಕಡ್ಡಿಯನ್ನು ಕಣ್ಣಲ್ಲಿ ನೋಡಿ, ಎರಡು ಗೆರೆಗಳ ನಡುವೆ ಬಂದದ್ದನ್ನು "ಅರ್ಧ" ಎಂದು ಬರೆದಿದ್ದಾರೆ. ಅಥವಾ ಒಬ್ಬ ಮೇಷ್ಟ್ರು ಅರ್ಧ ಅಂಕ ಕೊಟ್ಟಿದ್ದಾರೆ.

ಕೊನೆಗೆ ಹರವು. ಎರಡು ಅಂಕಿ ಬಿಟ್ಟರೆ ಉಳಿದ ಹನ್ನೆರಡೂ 26.5ರಿಂದ 30ರೊಳಗೆ ಇವೆ. ಏನನ್ನೇ ಅಳೆದಿರಲಿ, ಅದು ದಿನದಿಂದ ದಿನಕ್ಕೆ ಹೆಚ್ಚು ಕುಣಿಯುವ ವಸ್ತುವಲ್ಲ. ಮಳೆ ಅಲ್ಲ, ಟೊಮೆಟೊ ಧಾರಣೆಯಂತೂ ಅಲ್ಲವೇ ಅಲ್ಲ.

ಒಂದಲ್ಲ, ಮೂರು ಊಹೆ

ಒಂದೇ ಊಹೆಗೆ ಅಂಟಿಕೊಂಡರೆ ಎಲ್ಲವೂ ಅದಕ್ಕೇ ಸರಿಹೊಂದುವಂತೆ ಕಾಣತೊಡಗುತ್ತದೆ. ಕನಿಷ್ಠ ಮೂರು ಊಹೆ ಬರೆದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ನಿಜವಾದರೆ ಈ ಪಟ್ಟಿಯಲ್ಲಿ ಯಾವ ಅಂಕಿ ಇರಲು ಸಾಧ್ಯವೇ ಇಲ್ಲ?

ನನ್ನ ಮೊದಲ ಊಹೆ ಹಗಲಿನ ಉಷ್ಣಾಂಶ. 26ರಿಂದ 30 ಡಿಗ್ರಿ ನಮ್ಮ ಕಡೆ ಸಹಜ. ಆದರೆ ಆಗ ಆ ಸೊನ್ನೆ? ಹಿಂದಿನ ಹೊತ್ತು 28.5 ಇದ್ದದ್ದು ಹಿಮಗಟ್ಟುವ ಮಟ್ಟಕ್ಕೆ ಇಳಿದು ಮತ್ತೆ 27.5ಕ್ಕೆ ಏರುವ ಊರು ಕರ್ನಾಟಕದಲ್ಲಿಲ್ಲ.

ಎರಡನೆಯದು ಮೂವತ್ತಕ್ಕೆ ಕೊಟ್ಟ ಅಂಕಗಳು. ಇದು ಗಟ್ಟಿ ಊಹೆ. ಅರ್ಧ ಅಂಕ ಇದೆ, 30 ದಾಟಿದ್ದು ಒಂದೇ ಒಂದು ಮತ್ತು ಅದು ಟೈಪಿಂಗ್ ತಪ್ಪಿರಬಹುದು, ಸೊನ್ನೆ ಎಂದರೆ ಗೈರು. ಎಲ್ಲರಿಗೂ 26ರ ಮೇಲೆ ಹೇಗೆ ಎಂದು ಕೇಳುವವರು ಇಂಟರ್ನಲ್ ಅಂಕ ಕೊಡುವ ಪದ್ಧತಿಯನ್ನು ನೋಡಿಲ್ಲ.

ಮೂರನೆಯದು ಹಾಲು. ಡೇರಿಗೆ ಹಾಲು ಹಾಕುವವರಿಗೆ 28 ಎಂದ ತಕ್ಷಣ ಲ್ಯಾಕ್ಟೋಮೀಟರ್ ನೆನಪಾಗುತ್ತದೆ. ಆ ಗಾಜಿನ ಕೊಳವೆಯನ್ನು ಹಾಲಿನಲ್ಲಿ ತೇಲಿಬಿಟ್ಟಾಗ 28ರ ಗೆರೆ ಕಂಡರೆ ಹಾಲಿನ ಸಾಂದ್ರತೆ ನೀರಿನದರ 1.028 ಪಟ್ಟು ಎಂದರ್ಥ. ಆಕಳ ಹಾಲಿಗೆ 28ರಿಂದ 30 ಸಾಮಾನ್ಯ, ಎಮ್ಮೆ ಹಾಲಿಗೆ ಇನ್ನೂ ಕೊಂಚ ಹೆಚ್ಚು. ಕಣ್ಣಲ್ಲಿ ಓದುವ ಗೆರೆಗಳಾದ್ದರಿಂದ ಅರ್ಧರ್ಧದ ಲೆಕ್ಕವೂ ಹೊಂದುತ್ತದೆ. ಹದಿನಾಲ್ಕು ಎಂದರೆ ಏಳು ದಿನ, ಬೆಳಿಗ್ಗೆ ಒಂದು, ಸಂಜೆ ಒಂದು.

ಅಂಕವೋ ಹಾಲೋ ಎಂದು ತೀರ್ಮಾನಿಸಲು ಬಂದ ಕ್ರಮವೇ ನೆರವಾಯಿತು. ಪಟ್ಟಿಯನ್ನು ಎರಡೆರಡಾಗಿ ಒಡೆಯಿರಿ: 28.5 ಮತ್ತು 27, 29 ಮತ್ತು 28, 26.5 ಮತ್ತು 28.5, 0 ಮತ್ತು 27.5, 30 ಮತ್ತು 28, 285 ಮತ್ತು 27.5, 29 ಮತ್ತು 28. ಬದಿಗಿಡಬೇಕಾದ ಎರಡು ಜೋಡಿ ಬಿಟ್ಟರೆ ಐದು ಉಳಿದವು. ಅದರಲ್ಲಿ ನಾಲ್ಕರಲ್ಲಿ ಮೊದಲಿನದೇ ಹೆಚ್ಚು. ಹಾಜರಿ ಪುಸ್ತಕದ ಕ್ರಮದಲ್ಲಿ ಬರೆದ ಅಂಕಗಳಿಗೆ ಹೀಗೆ ಆಗಲು ಕಾರಣವಿಲ್ಲ. ಹಾಲಿಗೆ ಇದೆ. ಬೆಳಗಿನ ಕರಾವಿನಿಂದ ಸಂಜೆಯ ಕರಾವಿಗೆ ಅಂತರ ಕಡಿಮೆಯಾದ್ದರಿಂದ ಸಂಜೆ ಹಾಲಿನಲ್ಲಿ ಸಾಮಾನ್ಯವಾಗಿ ಫ್ಯಾಟ್ ಹೆಚ್ಚು. ಫ್ಯಾಟ್ ನೀರಿಗಿಂತ ಹಗುರ, ಹಾಗಾಗಿ ಲ್ಯಾಕ್ಟೋಮೀಟರ್ ಕೊಂಚ ಕಡಿಮೆ ತೋರಿಸುತ್ತದೆ. ಐದು ಜೋಡಿ ನೋಡಿ ಪ್ರಮಾಣ ಮಾಡಲಾಗದು, ನಿಜ. ಆದರೆ ತೂಕ ಹಾಲಿನ ಕಡೆಗೇ ವಾಲಿತು.

ಸೊನ್ನೆಯ ಗಂಡಾಂತರ

ಈ ಲೇಖನದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ, ಯಾಕೆಂದರೆ ಅತಿ ಹೆಚ್ಚು ಜನ ಬೀಳುವ ಹೊಂಡ ಇದು.

ಸೊನ್ನೆಗೆ ತನ್ನದೇ ಅರ್ಥವಿಲ್ಲ. ಏನನ್ನು ಅಳೆದಿದ್ದೀರಿ ಎಂಬುದೇ ಅದಕ್ಕೆ ಅರ್ಥ ಕೊಡುತ್ತದೆ. ಮಳೆಮಾಪಕದ ಪಟ್ಟಿಯಲ್ಲಿ ಸೊನ್ನೆ ನಿಜವಾದ ಅಳತೆ: ಅವತ್ತು ಮಳೆ ಬರಲಿಲ್ಲ. ಅದನ್ನು ತೆಗೆದುಹಾಕಿ ಸರಾಸರಿ ಮಾಡಿದರೆ ಬರಗಾಲದ ಊರೂ ಮಲೆನಾಡಾಗುತ್ತದೆ. ಅಂಕಪಟ್ಟಿಯಲ್ಲಿ ಸೊನ್ನೆ ಗೈರೋ, ನಿಜವಾಗಿ ಸೊನ್ನೆ ತೆಗೆದದ್ದೋ, ಮೇಷ್ಟ್ರನ್ನೇ ಕೇಳಬೇಕು. ಹಾಲಿನ ಲೀಟರ್ ಲೆಕ್ಕದಲ್ಲಿ ಸೊನ್ನೆ ಎಂದರೆ ಆ ಹೊತ್ತು ಹಾಲು ಹಾಕಿಲ್ಲ, ತಿಂಗಳ ಮೊತ್ತಕ್ಕೆ ಅದು ಸೇರಲೇಬೇಕು.

ಲ್ಯಾಕ್ಟೋಮೀಟರಿನಲ್ಲಿ? ಅಲ್ಲಿ ಸೊನ್ನೆ ಎಂದರೆ ಸಾಂದ್ರತೆ 1.000. ಅಂದರೆ ಬರೀ ನೀರು! ಡೇರಿಗೆ ಕ್ಯಾನ್ ತುಂಬ ಬಾವಿ ನೀರು ಹೊತ್ತು ತಂದವರು ಯಾರೂ ಇಲ್ಲ. ಆದ್ದರಿಂದ ಇದು ಅಳತೆಯಾಗಿರಲಾರದು, ಅಳತೆ ಇಲ್ಲ ಎಂದು ಸೂಚಿಸಲು ಬರೆದದ್ದು.

ಅದನ್ನು ಹಾಗೇ ಸೇರಿಸಿದರೆ ಏನಾಗುತ್ತದೆ ನೋಡಿ. 285 ಅನ್ನು 28.5 ಎಂದು ತಿದ್ದಿಕೊಂಡು ಸೊನ್ನೆಯನ್ನು ಉಳಿಸಿದರೆ ಮೊತ್ತ 366, ಹದಿನಾಲ್ಕರಿಂದ ಭಾಗಿಸಿದರೆ 26.14. ಸೊನ್ನೆ ತೆಗೆದು ಹದಿಮೂರರಿಂದ ಭಾಗಿಸಿದರೆ 28.15. ವ್ಯತ್ಯಾಸ ಎರಡೇ ಡಿಗ್ರಿ, ಆದರೆ ಊರಲ್ಲಿ ಅದರ ಅರ್ಥವೇ ಬೇರೆ. ಇಪ್ಪತ್ತೆಂಟು ಎಂದರೆ ಒಳ್ಳೆ ಹಾಲು. ಇಪ್ಪತ್ತಾರು ಎಂದರೆ ಡೇರಿಯ ಕಾರ್ಯದರ್ಶಿ ಹುಬ್ಬು ಗಂಟಿಕ್ಕುತ್ತಾರೆ. ಸೊನ್ನೆ ಸೇರಿಸುವುದೆಂದರೆ, ಹದಿಮೂರು ಲೋಟ ಹಾಲಿಗೆ ಒಂದು ಲೋಟ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಎಷ್ಟು ಇಳಿಯುತ್ತದೋ ಅಷ್ಟನ್ನೇ ಕಾಗದದ ಮೇಲೆ ಇಳಿಸಿದಂತೆ. ರೈತ ನೀರು ಹಾಕಿರಲಿಲ್ಲ, ಎಕ್ಸೆಲ್ ಹಾಕಿತು.

ಎಕ್ಸೆಲ್‌ನಲ್ಲಿ `AVERAGE` ಖಾಲಿ ಕೋಶವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ. ಅಳತೆ ಇಲ್ಲದ ಕಡೆ ಕೋಶವನ್ನು ಖಾಲಿ ಬಿಡಿ. ಖಾಲಿ ಜಾಗ ಕೊಳಕಾಗಿ ಕಾಣುತ್ತದೆಂದು ಸೊನ್ನೆ ತುಂಬುವ ಅಚ್ಚುಕಟ್ಟು ಮಂದಿಯ ಬಗ್ಗೆ ನನಗೆ ಸಹನೆ ಕಡಿಮೆ.

285ರ ವಿಚಾರ

ಇದು 28.5ರ ಸರಿಯಾಗಿ ಹತ್ತು ಪಟ್ಟು. ಚುಕ್ಕಿ ಬಿಟ್ಟುಹೋಗಿದೆ ಎನ್ನುವುದು ಬಲವಾದ ಊಹೆ. ಆದರೂ ಊಹೆಯೇ. ಪಕ್ಕದ ಕಾಲಂನಿಂದ ತಪ್ಪಿಬಂದ ಹಾಲಿನ ಹಣವೂ ಆಗಿರಬಹುದು. ಮೂಲ ಅಂಕಿಯನ್ನು ಅಳಿಸದೆ, ತಿದ್ದಿದ್ದನ್ನು ಪಕ್ಕದಲ್ಲಿ ಬರೆದು, ತಿದ್ದಿದ್ದೇನೆಂದು ಉತ್ತರದಲ್ಲೇ ತಿಳಿಸಿ.

ಈಗ ಕೇಳಿ, ಆಮೇಲೆ ಲೆಕ್ಕ

"ಇದೇನಪ್ಪಾ?" ಎಂದು ಕೇಳಿದ್ದಕ್ಕೆ ಹುಡುಗ ಬರೆದದ್ದು "ಡಿಗ್ರಿ ಸಾರ್". ಲ್ಯಾಕ್ಟೋಮೀಟರಿಗೂ ಡಿಗ್ರಿ, ಬಿಸಿಲಿಗೂ ಡಿಗ್ರಿ! ಊಹೆ ಮೊದಲೇ ಮಾಡಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ. ಊಹೆ ಕೈಯಲ್ಲಿದ್ದರೆ ಹೀಗೆ ಕೇಳಬಹುದು: "ಹಾಲಿನ ಲ್ಯಾಕ್ಟೋಮೀಟರ್ ತಾನೆ? ನಾಲ್ಕನೇ ದಿನ ಬೆಳಿಗ್ಗೆ ಹಾಲು ಹಾಕಿರಲಿಲ್ಲವೇ? ಆರನೇ ದಿನ ಬೆಳಿಗ್ಗೆ 28.5ಕ್ಕೆ ಚುಕ್ಕಿ ಬಿಟ್ಟುಹೋಯಿತೇ? ಮೂರನೇ ದಿನ ಬೆಳಿಗ್ಗೆ ಯಾಕೆ ಕಡಿಮೆ?"

ಉತ್ತರ ಬಂತು. ನಾಲ್ಕನೇ ದಿನ ಬೆಳಿಗ್ಗೆ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಚುಕ್ಕಿ ಬಿಟ್ಟದ್ದು ನಿಜ. ಮೂರನೇ ದಿನ ಮದುವೆಯ ತಯಾರಿಯ ಗಡಿಬಿಡಿಯಲ್ಲಿ ಕರೆದ ಹಾಲನ್ನು ಆರಿಸದೆ ಬೆಚ್ಚಗಿರುವಾಗಲೇ ಅಳೆದಿದ್ದ. ಬೆಚ್ಚಗಿನ ಹಾಲು ಹಗುರ. ಲ್ಯಾಕ್ಟೋಮೀಟರಿನ ಮೇಲೆ ನಮೂದಾದ ಉಷ್ಣಾಂಶಕ್ಕಿಂತ ಹಾಲು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಓದಿದ್ದಕ್ಕೆ ಸುಮಾರು 0.2 ಸೇರಿಸಬೇಕು. ಅವನ ಮೀಟರ್ 27 ಡಿಗ್ರಿಯದು. ಹಾಲು 35 ಇದ್ದಿರಬಹುದು ಎಂದಿಟ್ಟುಕೊಂಡರೆ 1.6 ಸೇರಿ 26.5 ಎನ್ನುವುದು 28.1 ಆಗುತ್ತದೆ. ಪಟ್ಟಿಯಲ್ಲಿ 28.1ರಂಥ ಅಂಕಿ ಒಂದೂ ಇಲ್ಲದಿರುವುದರಿಂದ ಯಾವ ದಿನದ್ದೂ ಉಷ್ಣಾಂಶಕ್ಕೆ ತಿದ್ದಿದ್ದಲ್ಲ ಎಂದು ಮೊದಲೇ ಅನುಮಾನವಿತ್ತು.

ಎಕ್ಸೆಲ್‌ಗೆ ಅಂಟಿಸಿದ ಮೇಲೆ ಮೊದಲು ಇದನ್ನು ನೋಡಿ:

```
=COUNT(A1:A14)
=MEDIAN(A1:A14)
```

ಮೊದಲನೆಯದು 14 ತೋರಿಸದಿದ್ದರೆ ಯಾವುದೋ ಅಂಕಿ ಅಕ್ಷರವಾಗಿ ಕೂತಿದೆ, ಕೆಲವೊಮ್ಮೆ ಹಿಂದೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿರುತ್ತದೆ. ಎರಡನೆಯದು ನಡುವಿನ ಅಂಕಿ. ಸೊನ್ನೆ, 285 ಯಾವುದನ್ನೂ ತಿದ್ದದೆಯೂ ಅದು 28 ಎನ್ನುತ್ತದೆ. ಕಳಿಸಿದವರು ಫೋನ್ ಎತ್ತದಿದ್ದರೆ ಸರಾಸರಿಗಿಂತ ಇದನ್ನೇ ಕೊಡಿ.

ಜಾಗ ಮುಗಿಯುತ್ತಿದೆ, ಎರಡೇ ಮಾತು. ಹುಡುಗನಿಗೆ 28.15 ಎಂದು ಹೇಳಿದೆನಾದರೂ ಅದು ಉಷ್ಣಾಂಶಕ್ಕೆ ತಿದ್ದದೆ, ಪ್ರತಿ ಹೊತ್ತನ್ನೂ ಸಮವೆಂದು ಹಿಡಿದ ಲೆಕ್ಕ. ಬೆಳಿಗ್ಗೆ ಆರು ಲೀಟರ್, ಸಂಜೆ ನಾಲ್ಕು ಲೀಟರ್ ಹಾಕುವವರು ಪ್ರತಿ ಅಂಕಿಯನ್ನು ಅದರ ಲೀಟರಿನಿಂದ ಗುಣಿಸಿ, ಕೂಡಿ, ಒಟ್ಟು ಲೀಟರಿನಿಂದ ಭಾಗಿಸಬೇಕು. ಇನ್ನು, ಡಿಗ್ರಿ ಸರಿ ಇದ್ದ ಮಾತ್ರಕ್ಕೆ ಹಾಲು ಸರಿ ಎಂದಲ್ಲ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ, ಎರಡನ್ನೂ ಮಾಡಿದವನ ಹಾಲು 28ನ್ನೇ ತೋರಿಸಬಹುದು. ಅದಕ್ಕೆ ಫ್ಯಾಟ್ ಅಂಕಿಯೂ ಬೇಕು.

ಅಂಕಿ ಕಳಿಸುವವರಲ್ಲಿ ವಿನಂತಿ: ಮೇಲೆ ಒಂದು ಸಾಲು ಬರೆಯಿರಿ. ಏನನ್ನು, ಯಾವುದರಿಂದ, ಯಾವ ದಿನಗಳಲ್ಲಿ ಅಳೆದದ್ದು ಎಂದು. ಅಳೆಯದ ದಿನ ಖಾಲಿ ಬಿಡಿ.