ಲಘುಗಣಕದ ಇಕ್ಕೆಲದ ಎರಡು ಗೆರೆಗಳು

30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯುಳ್ಳ ಒಂದು ಕೋಣೆಯಲ್ಲಿ, 10 ಡಿಗ್ರಿಯ ತಣ್ಣೀರು ತುಂಬಿದ ಲೋಟವೊಂದನ್ನು ಇಟ್ಟಿದೆಯೆಂದು ಭಾವಿಸೋಣ. 10 ನಿಮಿಷಗಳಲ್ಲಿ ನೀರು 20 ಡಿಗ್ರಿಗೆ ಏರಿತು. 20 ನಿಮಿಷಗಳ ಕೊನೆಯಲ್ಲಿ ಅದರ ಉಷ್ಣತೆ ಎಷ್ಟಿರುವುದು?

ವಸ್ತುವಿನ ಉಷ್ಣತೆ ಬದಲಾಗುವ ದರವು, ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆಂಬುದು ನ್ಯೂಟನ್ನನ ನಿಯಮ. ಲೋಟದ ಹೊರಮೈಯಲ್ಲಿ ಹನಿಗಟ್ಟುವ ತೇವ ಮೊದಲಾದವು ಈ ನಿಯಮವನ್ನು ಸ್ವಲ್ಪ ಕೆಡಿಸುವುವಾದರೂ, ನಮ್ಮ ಲೆಕ್ಕಕ್ಕೆ ಅದು ಸಾಕು. ನೀರಿನ ಉಷ್ಣತೆ T, ಕಾಲ t ಆದರೆ, ಅಂತರವನ್ನು y = T − 30 ಎಂದು ಕರೆಯೋಣ. ಆಗ

dy/dt = −ky

ಚರಗಳನ್ನು ಬೇರ್ಪಡಿಸಿದರೆ dy/y = −k dt ಎಂದಾಗುವುದು. ಇಲ್ಲಿಂದ ಮುಂದೆ ಅನೇಕ ವಿದ್ಯಾರ್ಥಿಗಳು ಬರೆಯುವ ಸಾಲು ಹೀಗಿರುತ್ತದೆ:

ln y = −kt + c

ಇಲ್ಲಿ ln ಎಂಬುದು ಸ್ವಾಭಾವಿಕ ಲಘುಗಣಕ. c ಒಂದು ಸ್ಥಿರಾಂಕ. ಆರಂಭದಲ್ಲಿ, ಎಂದರೆ t = 0 ಆದಾಗ, y = −20. ಆದುದರಿಂದ c = ln(−20) ಆಗಬೇಕು. ಋಣಸಂಖ್ಯೆಗೆ ವಾಸ್ತವ ಲಘುಗಣಕವೇ ಇಲ್ಲವಷ್ಟೆ! ಕೆಲವರು ಇಲ್ಲಿಯೇ ಲೇಖನಿಯನ್ನು ಕೆಳಗಿಡುವರು. ಹಲವರು ಆ ಋಣಚಿಹ್ನೆ ಎಲ್ಲಿಯೋ ಕೈತಪ್ಪಿ ಬಂದಿರಬೇಕೆಂದು ಬಗೆದು, ಅದನ್ನು ಅಳಿಸಿ c = ln 20 ಎಂದು ಬರೆದುಬಿಡುವರು. ಆಗ ದೊರೆಯುವ ಉತ್ತರ:

T = 30 + 20e^(−kt)

ಇದರ ಪ್ರಕಾರ ಮೊದಲಿಗೇ ನೀರು 50 ಡಿಗ್ರಿಯಷ್ಟು ಬಿಸಿ. ನಾವು ಇಟ್ಟುದು ತಣ್ಣೀರು!

ಈ ತಪ್ಪು ಬೇಗನೆ ಸಿಕ್ಕಿಬೀಳದಿರುವುದಕ್ಕೆ ಒಂದು ವಿಚಿತ್ರ ಕಾರಣವುಂಟು. k ಬೆಲೆಯನ್ನು ಕಂಡುಹಿಡಿಯುವಾಗ ನಾವು ಎರಡು ಅಂತರಗಳ ನಿಷ್ಪತ್ತಿಯನ್ನು ಮಾತ್ರ ಬಳಸುತ್ತೇವೆ. −10ನ್ನು −20ರಿಂದ ಭಾಗಿಸಿದರೂ, 10ನ್ನು 20ರಿಂದ ಭಾಗಿಸಿದರೂ ಬರುವುದು ½ ಒಂದೇ. ಆದುದರಿಂದ k = (ln 2)/10, ಎಂದರೆ ಸುಮಾರು 0.0693 ಎಂಬ ಬೆಲೆ ಸರಿಯಾಗಿಯೇ ಸಿಗುವುದು. ಒಂದು ಸ್ಥಿರಾಂಕ ಸರಿಯಾಗಿ ಬಂದ ಧೈರ್ಯದಲ್ಲಿ ವಿದ್ಯಾರ್ಥಿ ಇನ್ನೊಂದನ್ನು ಪರೀಕ್ಷಿಸುವುದಿಲ್ಲ. 20 ನಿಮಿಷಗಳಲ್ಲಿ ಅಂತರ ನಾಲ್ಕನೆಯ ಒಂದು ಭಾಗವಾಗುವುದರಿಂದ ಅವನಿಗೆ ಬರುವ ಉತ್ತರ 35 ಡಿಗ್ರಿ. ಕೋಣೆಯ ಗಾಳಿಯಿಂದಲೇ ಶಾಖವನ್ನು ಪಡೆಯುವ ನೀರು ಆ ಗಾಳಿಗಿಂತ ಬಿಸಿಯಾಗುವುದೆಂತು?

ಈಗ ತಪ್ಪಿದ ಸಾಲಿಗೆ ಹಿಂದಿರುಗೋಣ. ln yಯ ಅವಕಲನ 1/y ಎಂಬುದು y ಧನವಾಗಿದ್ದಾಗ ಮಾತ್ರ ಅರ್ಥವುಳ್ಳ ಮಾತು. y ಋಣವಾದರೆ −y ಧನವಾಗುವುದು. ಆಗ ln(−y)ಯನ್ನು ಅವಕಲಿಸಿದರೆ 1/(−y)ನ್ನು −1ರಿಂದ ಗುಣಿಸಬೇಕಾಗಿ, ಮತ್ತೆ 1/y ದೊರೆಯುವುದು. ಈ ಎರಡು ಸಂದರ್ಭಗಳನ್ನೂ ಒಂದೇ ಬರಹದಲ್ಲಿ ಹಿಡಿದಿಡುವುದೇ ln|y|. ಚಿಹ್ನೆಯನ್ನು ಬಿಟ್ಟು ಪರಿಮಾಣವನ್ನಷ್ಟೇ ತಿಳಿಸುವ ನಿರಪೇಕ್ಷ ಮೌಲ್ಯವನ್ನು ಆ ಎರಡು ಗೆರೆಗಳು ಸೂಚಿಸುತ್ತವೆ. ಆದುದರಿಂದ

|y| = e^c · e^(−kt), ಅಥವಾ y = ±e^c · e^(−kt)

ಘಾತೀಯ ಫಲನ ಎಂದೂ ಸೊನ್ನೆಯಾಗದು. y ಸೊನ್ನೆಯನ್ನು ದಾಟದೆ ಚಿಹ್ನೆಯನ್ನು ಬದಲಿಸಲಾರದು. ಆದ್ದರಿಂದ ಆರಂಭದಲ್ಲಿದ್ದ ಚಿಹ್ನೆಯೇ ಕೊನೆಯವರೆಗೂ ಉಳಿಯುವುದು. ±e^c ಎಂಬುದನ್ನು ಒಟ್ಟಾಗಿ C ಎಂದು ಬರೆದರೆ y = Ce^(−kt). ನಮ್ಮ ಲೋಟಕ್ಕೆ C = −20; ಆದುದರಿಂದ T = 30 − 20e^(−kt), ಮತ್ತು 20 ನಿಮಿಷಗಳಲ್ಲಿ 25 ಡಿಗ್ರಿ.

C = 0 ಎಂಬ ಬೆಲೆ ಮಾತ್ರ ±e^cಯಿಂದ ಹುಟ್ಟಲಾರದು. ಅದು 30 ಡಿಗ್ರಿಯ ನೀರು 30 ಡಿಗ್ರಿಯಲ್ಲೇ ಇರುವ ಪರಿಹಾರ. yಯಿಂದ ಭಾಗಿಸಿದಾಗಲೇ ನಾವು ಅದನ್ನು ಹೊರಗೆ ಹಾಕಿದ್ದೆವಾದುದರಿಂದ, ಕೈಯಾರೆ ಮರಳಿ ಸೇರಿಸಬೇಕು.

ಇದಕ್ಕಿಂತ ಮೋಸಗೊಳಿಸುವ ಉದಾಹರಣೆ ವೆರ್ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಗೆ ಅನ್ವಯಿಸಿದ ಬಗೆಯ ಸಮೀಕರಣದಲ್ಲಿದೆ. ಒಂದು ಕೆರೆ ಪೋಷಿಸಬಲ್ಲ ಮೀನುಗಳ ಸಂಖ್ಯೆಯನ್ನು 1 ಎಂಬ ಮಾನವಾಗಿಟ್ಟುಕೊಂಡರೆ

dy/dt = y(1 − y)

ಅನುಕಲಿಸಿದಾಗ ln|y| − ln|1 − y| = t + c, ಎಂದರೆ y/(1 − y) = Ce^t. ಕೆರೆಗೆ ಅದರ ಶಕ್ತಿಯ ಇಮ್ಮಡಿ ಮೀನುಗಳನ್ನು ಬಿಟ್ಟರೆ y = 2ರಿಂದ ಆರಂಭ, C = −2; ಪರಿಹಾರ y = 2/(2 − e^(−t)). ಗೆರೆಗಳನ್ನು ಮರೆತು C = 2 ಎಂದವನಿಗೆ ಬರುವುದು y = 2/(2 + e^(−t)). ಮೊದಲನೆಯದರಲ್ಲಿ ಮೀನುಗಳು 2ರಿಂದ ಇಳಿಯುತ್ತವೆ. ಎರಡನೆಯದರಲ್ಲಿ ⅔ರಿಂದ ಏರುತ್ತವೆ. ಎರಡೂ ಕಡೆಗೆ 1ನ್ನೇ ಸಮೀಪಿಸುವುದರಿಂದ, ಬಹುಕಾಲದ ನಂತರದ ಫಲವನ್ನಷ್ಟೇ ನೋಡುವವನಿಗೆ ತಪ್ಪು ಕಾಣದು; t = 0 ಎಂದು ಹಾಕಿ ನೋಡುವವನಿಗೆ ಒಡನೆಯೇ ಕಾಣುವುದು.