ಓಡುವವಳ ಅಂಚು: ಚಲನೆಯಿಂದ ಮಸುಕಾದ ಚಿತ್ರವನ್ನು ಕತ್ತರಿಸುವ ಪಾಠ

ಹಿನ್ನೆಲೆ

ಹಾಸನದ ನಮ್ಮ ಕಾಲೇಜಿನಿಂದ ಬೋಧನಾಭ್ಯಾಸಕ್ಕೆ ನನ್ನನ್ನು ಹೊಳೆನರಸೀಪುರದ ಒಂದು ಪ್ರೌಢಶಾಲೆಗೆ ಕಳಿಸಿದ್ದರು. ನನ್ನ ವಿಷಯ ಗಣಿತ. ಅದರ ಜೊತೆಗೆ ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಕಂಪ್ಯೂಟರ್ ಅವಧಿಗಳೂ ನನ್ನ ಪಾಲಿಗೆ ಬಂದವು. ಶಾಲೆಯ ಗೋಡೆಪತ್ರಿಕೆಗೆ ಮುಖಪುಟ ಮಾಡಬೇಕಿತ್ತು. ಕ್ರೀಡಾಕೂಟದ ರಿಲೇ ಓಟದಲ್ಲಿ ಮೊಬೈಲಿನಿಂದ ತೆಗೆದ ಒಂದು ಫೋಟೊವನ್ನು ಮಕ್ಕಳೇ ಆರಿಸಿದ್ದರು. ಬಿಳಿ ಅಂಗಿಯ ಹುಡುಗಿಯೊಬ್ಬಳು ಎಡದಿಂದ ಬಲಕ್ಕೆ ಓಡುತ್ತಿದ್ದಾಳೆ, ಹಿಂದೆ ಹಸಿರು ಬೇಲಿ. ಬೇಲಿಯ ಎಲೆಗಳು ಸ್ಪಷ್ಟವಾಗಿವೆ, ಹುಡುಗಿ ಮಾತ್ರ ಮಸುಕು. ಆಕೆಯನ್ನು ಬೇಲಿಯಿಂದ ಬಿಡಿಸಿ ಹೇಮಾವತಿ ಹೊಳೆಯ ದಂಡೆಯ ಫೋಟೊದ ಮೇಲೆ ಕೂರಿಸುವುದು ಅವರ ಆಸೆ. ಒಂದು ಅವಧಿಯಲ್ಲಿ ಮುಗಿಯುವ ಕೆಲಸವೆಂದು ನಾನು ಪಾಠ ಯೋಜನೆ ಬರೆದೆ.

ಮೊದಲ ಪಾಠ ಮತ್ತು ಅದರ ಸೋಲು

ಲ್ಯಾಬಿನಲ್ಲಿ ಇದ್ದದ್ದು GIMP ತಂತ್ರಾಂಶ. ಹುಡುಗಿಯ ಸುತ್ತ ಗೆರೆ ಎಳೆದು ಆಯ್ಕೆ ಮಾಡುವುದು, ಅಂಚು ಗಡುಸಾಗಿ ಕಾಣದಂತೆ Feather ಅನ್ನು 20 ಪಿಕ್ಸೆಲ್‌ಗೆ ಇಡುವುದು, ಕತ್ತರಿಸಿ ಹೊಸ ಹಿನ್ನೆಲೆಗೆ ಅಂಟಿಸುವುದು: ಇಷ್ಟನ್ನು ಹೇಳಿಕೊಟ್ಟೆ. ಮಕ್ಕಳು ಹೇಳಿದಂತೆಯೇ ಮಾಡಿದರು. ಆದರೆ ಚಿತ್ರ ಸರಿಬರಲಿಲ್ಲ. ಅಂಗಿಯ ಸುತ್ತ ಹಸಿರು ಹೊಗೆಯಂಥ ಅಂಚು ಹೊಳೆಯ ನೀರಿನ ಮೇಲೂ ಉಳಿದುಕೊಂಡಿತು. ಒಬ್ಬಳು ಎದ್ದು, "ಮಿಸ್, ಕಾಲು ಯಾಕೆ ನೆಲಕ್ಕೆ ತಾಗ್ದಂಗೆ ಕಾಣ್ತೈತೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. Feather ಕಡಿಮೆ ಮಾಡಿ ನೋಡು ಎಂದೆ. ಕಡಿಮೆ ಮಾಡಿದರೆ ಹಸಿರು ಇನ್ನೂ ಗಾಢವಾಯಿತು.

ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ದಾಖಲೆ ಪುಸ್ತಕದಲ್ಲಿ ಒಂದು ಪ್ರಶ್ನೆಯನ್ನಷ್ಟೇ ಬರೆದರು: "ಆ ಅಂಚು ಏಕೆ ಮಸುಕಾಗಿದೆ ಎಂದು ಕೇಳಿದಿರಾ?" ಕೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರ ನನ್ನ ಗಣಿತದ ಅವಧಿಯಲ್ಲೇ ಇತ್ತು. ಮರುಪಾಠವನ್ನು ಅಲ್ಲಿಂದ ಕಟ್ಟಿದೆ.

ಮರುಪಾಠ: ಗ್ರಾಫ್ ಹಾಳೆಯ ಚಟುವಟಿಕೆ

ಮರುಪಾಠದ ಮೊದಲ ಅರ್ಧದಲ್ಲಿ ಕಂಪ್ಯೂಟರ್ ಮುಟ್ಟಲಿಲ್ಲ. ಪ್ರತಿ ಗುಂಪಿಗೆ ಗ್ರಾಫ್ ಹಾಳೆಯ ಹತ್ತು ಚೌಕಗಳ ಒಂದು ಸಾಲು, ಆರು ಚೌಕ ಅಗಲದ ಒಂದು ಬಿಳಿ ಕಾಗದದ ಪಟ್ಟಿ ಕೊಟ್ಟೆ. ಸಾಲು ಎಂದರೆ ಹಸಿರು ಬೇಲಿ, ಪಟ್ಟಿ ಎಂದರೆ ಓಡುವ ಹುಡುಗಿಯ ಅಂಗಿ. ಕ್ಯಾಮೆರಾದ ಬಾಗಿಲು ತೆರೆದಿರುವ ಹೊತ್ತನ್ನು ಐದು ಕ್ಷಣಗಳೆಂದು ಎಣಿಸೋಣ ಎಂದೆ. ಮೊದಲ ಕ್ಷಣದಲ್ಲಿ ಪಟ್ಟಿ 1ರಿಂದ 6ನೇ ಚೌಕದವರೆಗೆ ಇರಲಿ, ಆಮೇಲೆ ಕ್ಷಣಕ್ಕೊಂದು ಚೌಕ ಬಲಕ್ಕೆ ಸರಿಯಲಿ. ಪ್ರತಿ ಚೌಕವನ್ನು ಪಟ್ಟಿ ಎಷ್ಟು ಕ್ಷಣ ಮುಚ್ಚಿತ್ತು ಎಂದು ಮಕ್ಕಳು ಬರೆದುಕೊಂಡರು. ಬಂದ ಸಾಲು ಇದು:

1, 2, 3, 4, 5, 5, 4, 3, 2, 1

ನಡುವಿನ ಎರಡು ಚೌಕಗಳನ್ನು ಪಟ್ಟಿ ಐದೂ ಕ್ಷಣ ಮುಚ್ಚಿದೆ, ಅಲ್ಲಿ ಬೇಲಿ ಕಾಣುವುದೇ ಇಲ್ಲ. ಎರಡನೇ ಚೌಕದಲ್ಲಿ ಐದರಲ್ಲಿ ಎರಡು ಪಾಲು ಅಂಗಿಯ ಬೆಳಕು, ಮೂರು ಪಾಲು ಬೇಲಿಯ ಬೆಳಕು ಬಿದ್ದಿದೆ. ಹೀಗೆ ಮುಚ್ಚಿದ ಪಾಲಿಗೆ ಚಿತ್ರ ಸಂಯೋಜನೆಯಲ್ಲಿ ಆಲ್ಫಾ ಎಂದು ಹೆಸರು. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ಈ ಲೆಕ್ಕಕ್ಕೆ ನಿಯಮಗಳನ್ನು ಕಟ್ಟಿಕೊಟ್ಟಿತು. ನಮ್ಮ ಮಕ್ಕಳಿಗೆ ಅದು ಭಿನ್ನರಾಶಿಯ ಲೆಕ್ಕ, ಅಷ್ಟೇ. ಮಸುಕಾದ ಅಂಚು ಎಂದರೆ ಅಂಗಿಯೂ ಬೇಲಿಯೂ ಒಂದೇ ಜಾಗವನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡ ಭಾಗ.

ಆಮೇಲೆ ಎರಡೇ ಚೌಕ ಅಗಲದ ಪಟ್ಟಿ ಕೊಟ್ಟು ಅದೇ ಐದು ಕ್ಷಣ ಸರಿಸಲು ಹೇಳಿದೆ. ಈಗ ಬಂದದ್ದು 1, 2, 2, 2, 2, 1. ಎಲ್ಲಿಯೂ ಐದು ಬರಲಿಲ್ಲ. ಸರಿದ ದೂರಕ್ಕಿಂತ ಕಿರಿದಾದ ವಸ್ತು ತನ್ನ ನಡುವಿನಲ್ಲೂ ಪಾರದರ್ಶಕವಾಗಿಯೇ ಇರುತ್ತದೆ. ಫೋಟೊದಲ್ಲಿ ಹುಡುಗಿಯ ಬೀಸುವ ಕೈಯ ಮೂಲಕ ಬೇಲಿಯ ಎಲೆ ಕಾಣುತ್ತಿದ್ದುದು ಇದಕ್ಕೇ ಎಂದು ಒಂದು ಗುಂಪು ತಾನೇ ಕಂಡುಕೊಂಡಿತು.

ಇಲ್ಲಿ ನಾನು ಎರಡು ಪ್ರಶ್ನೆ ಕೇಳಿದೆ. ಪಟ್ಟಿಯ ಮೇಲಿನ ಮತ್ತು ಕೆಳಗಿನ ಅಂಚು ಮಸುಕಾಯಿತೇ? ಇಲ್ಲ, ಸರಿದ ದಿಕ್ಕಿನಲ್ಲಿ ಮಾತ್ರ ಮಸುಕು. ನೆಲಕ್ಕೆ ಊರಿದ ಪಾದ ಆ ಹೊತ್ತಿನಲ್ಲಿ ಎಷ್ಟು ಸರಿಯಿತು? ಊರಿದ ಪಾದ ನಿಂತೇ ಇರುತ್ತದೆ, ಮೈ ಅದರ ಮೇಲಿಂದ ಮುಂದೆ ಹೋಗುತ್ತದೆ. ಫೋಟೊ ನೋಡಿದರೆ ಆ ಪಾದದ ಬೆರಳುಗಳೂ ಸ್ಪಷ್ಟ. ಮೊದಲ ಪಾಠದಲ್ಲಿ ನಾನು ಹೇಳಿಕೊಟ್ಟ Feather ಎಲ್ಲ ದಿಕ್ಕಿಗೂ ಒಂದೇ ಅಳತೆಯ ಮಸುಕು ಹಾಕಿ ಆ ಪಾದವನ್ನೂ ಕರಗಿಸಿತ್ತು. ಕಾಲು ನೆಲಕ್ಕೆ ತಾಗದಂತೆ ಕಂಡದ್ದು ಅದರಿಂದ.

ಹಸಿರು ಏಕೆ ಉಳಿಯಿತು

ಇದನ್ನು ಕಪ್ಪುಹಲಗೆಯ ಮೇಲೆ ಮಾಡಿದೆವು. ಎರಡನೇ ಚೌಕದ ಪಿಕ್ಸೆಲ್‌ನಲ್ಲಿ 2/5 ಅಂಗಿ, 3/5 ಬೇಲಿ ಬೆರೆತಿದೆ. ಅದನ್ನು ಹಾಗೆಯೇ ತೆಗೆದು 2/5 ಅಪಾರದರ್ಶಕತೆಯೊಂದಿಗೆ ನೀರಿನ ಮೇಲೆ ಇಟ್ಟರೆ ಏನು ಸಿಗುತ್ತದೆ?

ಅಂಗಿ: 2/5 × 2/5 = 4/25
ಬೇಲಿ: 2/5 × 3/5 = 6/25
ನೀರು: 3/5 = 15/25

ನಮಗೆ ಬೇಕಾದದ್ದು ಅಂಗಿ 10/25, ನೀರು 15/25. ನೀರಿನ ಪಾಲು ಸರಿಯಿದೆ, ಆದರೆ ಅಂಗಿಗೆ ಸಲ್ಲಬೇಕಾದ 6/25 ಬೇಲಿಯ ಪಾಲಾಗಿದೆ. ಅಂದರೆ ಪಾರದರ್ಶಕತೆಯನ್ನು ಸರಿಯಾಗಿ ಅಳೆದರೂ ಕೆಲಸ ಅರ್ಧವೇ. ಪಿಕ್ಸೆಲ್‌ನ ಬಣ್ಣದಿಂದಲೂ ಬೇಲಿಯನ್ನು ತೆಗೆಯಬೇಕು. ಆಕಾರ ಮತ್ತು ಬಣ್ಣ, ಎರಡು ಬೇರೆ ಬೇರೆ ಕೆಲಸಗಳೆಂದು ಮಕ್ಕಳಿಗೆ ಇಲ್ಲಿ ಸ್ಪಷ್ಟವಾಯಿತು.

ಲ್ಯಾಬಿನ ಹಂತಗಳು

ಮೊದಲು ಅಳತೆ. Measure ಸಾಧನದಿಂದ ಎದೆಯ ಮಟ್ಟದಲ್ಲಿ ಮಸುಕಿನ ಹೊರತುದಿಯಿಂದ ಹೊರತುದಿಗೆ ಅಳೆದಾಗ 84 ಪಿಕ್ಸೆಲ್ ಬಂತು, ಒಂದು ಬದಿಯ ಮಸುಕು 24. ಗ್ರಾಫ್ ಹಾಳೆಯ ಪ್ರಕಾರ ಒಟ್ಟು ಹರವು ಎಂದರೆ ವಸ್ತುವಿನ ಅಗಲ ಕೂಡಿಸು ಸರಿದ ದೂರ. ಹಾಗಾದರೆ ಮೈಯ ನಿಜ ಅಗಲ 84 − 24 = 60. ಈ ಅಳತೆ ನಂಬಬಹುದೇ ಎಂದೂ ನೋಡಿದೆವು. ಫೋಟೊದ ವಿವರದಲ್ಲಿ ಬೆಳಕಿನ ಹೊತ್ತು 1/60 ಸೆಕೆಂಡ್ ಎಂದಿತ್ತು. ಸೆಕೆಂಡಿಗೆ 6 ಮೀಟರ್ ಓಡಿದರೆ ಅಷ್ಟರಲ್ಲಿ 10 ಸೆಂಟಿಮೀಟರ್ ಸರಿಯುತ್ತಾಳೆ. 60 ಪಿಕ್ಸೆಲ್ ಅಗಲದ ಮೈಯನ್ನು 25 ಸೆಂಟಿಮೀಟರ್ ಎಂದು ಹಿಡಿದರೆ 24 ಪಿಕ್ಸೆಲ್ ಎಂದರೆ 10 ಸೆಂಟಿಮೀಟರ್. ಲೆಕ್ಕ ಕೂಡಿತು.

ನಂತರ ಆಕಾರ. ಹುಡುಗಿಯ ಪದರಕ್ಕೆ Layer > Mask > Add Layer Mask ಮೂಲಕ ಕಪ್ಪು ಮಾಸ್ಕ್ ಸೇರಿಸಿದೆವು. ಮಸುಕಿನ ಹೊರತುದಿಯಿಂದ ಎರಡೂ ಬದಿ 12 ಪಿಕ್ಸೆಲ್ ಒಳಗೆ ಬರುವಂತೆ, Feather ಇಲ್ಲದೆ, 60 ಪಿಕ್ಸೆಲ್ ಅಗಲದ ಮೈಯನ್ನು ಆಯ್ಕೆ ಮಾಡಿ ಮಾಸ್ಕಿನಲ್ಲಿ ಬಿಳಿ ತುಂಬಿದೆವು. ಈಗ Select > None ಕೊಡಬೇಕು. ಇದನ್ನು ಮರೆತರೆ ಮಸುಕು ಆಯ್ಕೆಯ ಗೆರೆಯಾಚೆ ಹರಡುವುದಿಲ್ಲ, ಅಂಚು ಗಡುಸಾಗಿಯೇ ಉಳಿಯುತ್ತದೆ. ಎರಡು ಗುಂಪುಗಳು ಇಲ್ಲೇ ಎಡವಿದವು. ಮಾಸ್ಕ್ ಆರಿಸಿರುವಾಗಲೇ Filters > Blur > Linear Motion Blur ತೆರೆದು Length 24, Angle 0 ಕೊಟ್ಟೆವು. ಬಿಳಿ ಎರಡೂ ಬದಿಗೆ 12 ಪಿಕ್ಸೆಲ್ ಹೊರಗೆ, 12 ಒಳಗೆ ಹರಡಿ, ಗ್ರಾಫ್ ಹಾಳೆಯ ಏರಿಳಿತದಂತೆಯೇ ಕಂಡಿತು.

ಬೀಸುವ ಕೈಗೆ ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ಬೇರೆ ಪದರವಾಗಿ ಮಾಡಿ, ಅದಕ್ಕೆ ಅದರದೇ ಮಾಸ್ಕ್ ಹಾಕಿದೆವು. ಕೈಯ ಹರವು 50 ಪಿಕ್ಸೆಲ್, ಅಷ್ಟಾಗಿ ಅಲುಗದ ಇನ್ನೊಂದು ಮುಂಗೈಯ ಅಗಲ 14. ಆದ್ದರಿಂದ ಸರಿದ ದೂರ 36. 14 ಪಿಕ್ಸೆಲ್ ಅಗಲದ ಬಿಳಿಗೆ 36ರ ಮಸುಕು, ಕೈ ಬೀಸಿದ ಓರೆಯ ಕೋನದಲ್ಲಿ. ನಡುವಿನ ಆಲ್ಫಾ 14/36, ಹತ್ತಿರ ಹತ್ತಿರ 2/5, ಎರಡು ಚೌಕದ ಪಟ್ಟಿಗೆ ಬಂದಷ್ಟೇ. ಊರಿದ ಪಾದವನ್ನು ಮೂರನೇ ಪದರದಲ್ಲಿ ಮಸುಕಿಲ್ಲದೆ ಬಿಟ್ಟೆವು.

ಕೊನೆಗೆ ಬಣ್ಣ. ಮಾಸ್ಕ್ ಬಿಟ್ಟು ಚಿತ್ರದ ಪದರವನ್ನೇ ಆರಿಸಿ, ಅಂಗಿಯ ಗಟ್ಟಿ ಭಾಗದ ಬಿಳಿಯನ್ನು ಮಸುಕಿನ ಹೊರತುದಿ ದಾಟುವವರೆಗೆ ಅಡ್ಡಲಾಗಿ ಬಳಿದೆವು. ಗೆರೆ ದಾಟಿದರೂ ಹಾನಿಯಿಲ್ಲ, ಎಷ್ಟು ಕಾಣಬೇಕೆಂಬುದನ್ನು ಮಾಸ್ಕ್ ನೋಡಿಕೊಳ್ಳುತ್ತದೆ. ಕೈಯಲ್ಲಿ ಬೇಲಿ ಬೆರೆಯದ ಪಿಕ್ಸೆಲ್ ಒಂದೂ ಇಲ್ಲದ್ದರಿಂದ ಮೈಬಣ್ಣವನ್ನು ಇನ್ನೊಂದು ಮುಂಗೈಯಿಂದ ತೆಗೆದುಕೊಂಡೆವು.

ಸರಿಯಾಯಿತೇ ಎಂದು ನೋಡಲು ಹೊಳೆಯ ಚಿತ್ರವನ್ನು ಅಡಗಿಸಿ, ಕೆಳಗೆ ಒಮ್ಮೆ ಕಪ್ಪು, ಒಮ್ಮೆ ಕೆಂಪು ಪದರ ಇಟ್ಟೆವು. ಹಸಿರು ಉಳಿದಿದ್ದರೆ ಕಪ್ಪಿನ ಮೇಲೆ ತಕ್ಷಣ ಕಾಣುತ್ತದೆ. ಕೆಂಪಿನ ಮೇಲೆ ಕೈ ಅಪಾರದರ್ಶಕವಾಗಿ ಕಂಡರೆ ಮಾಸ್ಕ್ ತಪ್ಪಿದೆ ಎಂದರ್ಥ.

ಮೌಲ್ಯಮಾಪನ ಮತ್ತು ಮಿತಿಗಳು

ಮೂರು ಚೌಕದ ಪಟ್ಟಿಯನ್ನು ಆರು ಕ್ಷಣ ಸರಿಸಿದರೆ ಅತಿ ಹೆಚ್ಚಿನ ಆಲ್ಫಾ ಎಷ್ಟು ಎಂಬುದು ನನ್ನ ಪ್ರಶ್ನೆ. ಸರಿಯುತ್ತರ 3/6. ಕೆಲವರು 6/6 ಎಂದು ಬರೆದರು. ನಡುಭಾಗ ಯಾವಾಗಲೂ ಗಟ್ಟಿ ಎಂಬ ಹಳೆಯ ಊಹೆ ಅವರಲ್ಲಿ ಇನ್ನೂ ಇತ್ತು. ಅವರ ಕೈಗೆ ಮತ್ತೆ ಪಟ್ಟಿ ಕೊಟ್ಟು ಎಣಿಸಲು ಹೇಳಿದೆ.

ಒಬ್ಬ ಹುಡುಗ ತೆರೆಯ ಮೇಲಿನ ಬಣ್ಣದ ಸಂಖ್ಯೆಗಳಿಂದ 2/5 ಲೆಕ್ಕ ಹಾಕಿ, ಹೊಂದುತ್ತಿಲ್ಲ ಎಂದು ತೋರಿಸಿದ. ಅವನು ಹೇಳಿದ್ದು ಸರಿ. ಚಿತ್ರದಲ್ಲಿ ಉಳಿಸುವ 0ರಿಂದ 255ರ ಸಂಖ್ಯೆಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿಲ್ಲ. ಅರ್ಧ ಬಿಳಿ, ಅರ್ಧ ಕಪ್ಪು ಬೆಳಕು ಬೆರೆತರೆ ಬರುವುದು 128 ಅಲ್ಲ, ಸುಮಾರು 188. ಆದ್ದರಿಂದ ಭಿನ್ನರಾಶಿಯ ಪಾಠವನ್ನು ಗ್ರಾಫ್ ಹಾಳೆಯಲ್ಲೇ ಮಾಡುವುದು ಒಳ್ಳೆಯದು.

ಈ ಪಾಠವನ್ನು ಇಬ್ಬರು ಸಹಪಾಠಿಗಳೂ ಮಾಡಿ ನೋಡಿದರು. ಅರಕಲಗೂಡಿನಲ್ಲಿ ಓಡುವ ಕಂಪ್ಯೂಟರ್‌ಗಳು ಎರಡೇ ಇದ್ದುದರಿಂದ ಗೆಳತಿ ಪಟ್ಟಿಯ ಚಟುವಟಿಕೆಯನ್ನಷ್ಟೇ ಮಾಡಿಸಿದಳು, ಅದು ಪೂರ್ಣ ಅವಧಿಗೆ ಸಾಕಾಯಿತು. ಚನ್ನರಾಯಪಟ್ಟಣದಲ್ಲಿ ಮಕ್ಕಳು ಹಗ್ಗದಾಟದ ಫೋಟೊ ಆರಿಸಿದರು. ಅಲ್ಲಿ ಹಗ್ಗದ ದಪ್ಪ ಒಂದು ಸೆಂಟಿಮೀಟರ್, ಸರಿದ ದೂರ ಸುಮಾರು ಮೂವತ್ತು. ಆಲ್ಫಾ 1/30ರಷ್ಟಾದಾಗ ಹಗ್ಗದ ಬಣ್ಣ ಹಿನ್ನೆಲೆಯಲ್ಲಿ ಮುಳುಗಿಹೋಗಿರುತ್ತದೆ, ಬಿಡಿಸಲು ಆಗುವುದಿಲ್ಲ. ಅವರು ಹಗ್ಗವನ್ನು ಬಿಟ್ಟು ಹುಡುಗಿಯನ್ನಷ್ಟೇ ಕತ್ತರಿಸಿ, ಹೊಸ ಪದರದಲ್ಲಿ ತೆಳು ಗೆರೆಯಾಗಿ ಹಗ್ಗವನ್ನು ಮತ್ತೆ ಬರೆದರು.

ಹೊಳೆನರಸೀಪುರದ ಗೋಡೆಪತ್ರಿಕೆಯಲ್ಲಿ ಹುಡುಗಿ ಹೇಮಾವತಿಯ ದಂಡೆಯಲ್ಲಿ ಓಡುತ್ತಿದ್ದಾಳೆ. ಬೀಸಿದ ಕೈಯ ಮೂಲಕ ಈಗ ನೀರು ಕಾಣುತ್ತದೆ. ಕಾಲಿನ ಪ್ರಶ್ನೆ ಕೇಳಿದ್ದವಳು ಅದನ್ನು ಅಂಟಿಸುವ ಮೊದಲು ಪಾದದ ಮೇಲೆ ಬೆರಳಿಟ್ಟು, "ಈಗ ಊರೈತೆ ಮಿಸ್" ಎಂದಳು.