ಬಂಡೆಯ ಮೇಲಿನ ಕೋಟೆ: ನೋಡಬಹುದಾದ ಜಾಗವೇ?

ಓದುಗರು ಕಳುಹಿಸಿರುವ, ಸಮುದ್ರದ ಒಂಟಿ ಬಂಡೆಯ ಮೇಲೆ ಕೋಟೆ ನಿಂತಿರುವ ಚಿತ್ರವು ಐರ್ಲೆಂಡಿನ ಡಬ್ಲಿನ್‌ನದೆಂಬ ಹೆಸರಿನಲ್ಲಿ ಬಹುಕಾಲದಿಂದ ಹರಿದಾಡುತ್ತಿದೆಯಾದರೂ, ಅಂತಹ ಸ್ಥಳ ಅಲ್ಲಿಲ್ಲವಾದ್ದರಿಂದ ಅದಕ್ಕಾಗಿ ಪ್ರವಾಸ ಯೋಜಿಸುವುದು ಬೇಡ. ಅದು ಎರಡು ಚಿತ್ರಗಳನ್ನು ಜೋಡಿಸಿ ಮಾಡಿದ್ದು: ಕೆಳಗಿನ ಬಂಡೆ ಥಾಯ್ಲೆಂಡಿನ ಫಾಂಗ್ ಙಾ ಕೊಲ್ಲಿಯ ಕೊ ತಾಪು. ಮೇಲಿನದು ಜರ್ಮನಿಯ ಲಿಕ್ಟೆನ್‌ಸ್ಟೈನ್ ಕೋಟೆ.

ಮೊದಲ ಸುಳಿವು ಅಳತೆಯದು. ಕೊ ತಾಪು ಸುಮಾರು 20 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬವಾಗಿದ್ದು, ಅಲೆ ಮತ್ತು ಉಬ್ಬರವಿಳಿತಗಳು ಬುಡವನ್ನು ಕೊರೆದಿರುವುದರಿಂದ ಅದರ ಅಗಲ ನೀರಿನ ಬಳಿ ಸುಮಾರು 4 ಮೀಟರ್, ಮೇಲೆ ಸುಮಾರು 8 ಮೀಟರ್ ಮಾತ್ರ ಇದೆ. ಅಷ್ಟು ಜಾಗದಲ್ಲಿ ಕೋಟೆಯಿರಲಿ, ಸಾಧಾರಣ ಮನೆಯೂ ಕಷ್ಟವೇ. ಅಲ್ಲಿಗೆ ಕಲ್ಲು ಸಾಗಿಸಲು, ಜನರು ಹತ್ತಿಳಿಯಲು ದಾರಿ ಯಾವುದೆಂಬ ಪ್ರಶ್ನೆಗೂ ಚಿತ್ರದಲ್ಲಿ ಉತ್ತರವಿರುವುದಿಲ್ಲ.

ಎರಡನೆಯದು ಹುಡುಕುವ ಕ್ರಮ. ಚಿತ್ರವನ್ನೇ ಕೊಟ್ಟು ಅದರ ಮೂಲವನ್ನು ಹುಡುಕುವ ಸೌಲಭ್ಯಕ್ಕೆ ಇಡೀ ಚಿತ್ರವನ್ನು ನೀಡಿದರೆ ಅದರ ನಕಲುಗಳೇ ಮರಳಿ ಬರುವುದರಿಂದ, ಕೋಟೆಯನ್ನೂ ಬಂಡೆಯನ್ನೂ ಬೇರೆಬೇರೆಯಾಗಿ ಕತ್ತರಿಸಿ ಹುಡುಕಬೇಕು. ಫಲ ಸಿಗದಿದ್ದರೆ, ಜೋಡಿಸುವವರು ಭಾಗಗಳನ್ನು ಎಡಬಲ ತಿರುಗಿಸಿರುವುದುಂಟಾದ್ದರಿಂದ, ಕನ್ನಡಿಬಿಂಬದಂತೆ ತಿರುಗಿಸಿ ಮತ್ತೊಮ್ಮೆ ನೋಡಬೇಕು. ಎರಡು ತುಣುಕುಗಳು ಎರಡು ದೇಶಗಳ ಛಾಯಾಚಿತ್ರಗಳಿಗೆ ಕರೆದೊಯ್ದರೆ ಸಂಶಯಕ್ಕೆ ಎಡೆಯೇ ಇಲ್ಲ.

ಗಣಕಯಂತ್ರವೇ ಪೂರ್ತಿಯಾಗಿ ಸೃಷ್ಟಿಸಿದ ದೃಶ್ಯಕ್ಕೆ ಮೂಲಚಿತ್ರವಿಲ್ಲದ್ದರಿಂದ ಈ ಕ್ರಮ ಅಲ್ಲಿ ಸೋಲುತ್ತದೆ. ಆಗ ಬಿಸಿಲು ಬಿದ್ದ ಬದಿ ಎಲ್ಲ ವಸ್ತುಗಳಲ್ಲೂ ಹೊಂದುತ್ತದೆಯೇ, ನೀರಿನ ಪ್ರತಿಬಿಂಬದಲ್ಲಿ ಗೋಪುರಗಳ ಸಂಖ್ಯೆ ಸರಿಯಿದೆಯೇ ಎಂದು ಪರೀಕ್ಷಿಸಿ, ಕೊನೆಗೆ ಅದೇ ಸ್ಥಳದ, ಬೇರೆ ಕೋನಗಳಿಂದ ಬೇರೆಯವರು ತೆಗೆದ ಚಿತ್ರಗಳನ್ನೂ ನಕ್ಷೆಯ ಉಪಗ್ರಹ ನೋಟವನ್ನೂ ಹುಡುಕುವುದು ಉಚಿತ.